ಮಳೆಗಾಲದಲ್ಲಿ ಎರಡು ದಿನ: ವಸ್ತುಸಂಗ್ರಹಾಲಯವನ್ನು ದಣಿಯದೆ ನೋಡುವ ಬಗೆ

ವಸ್ತುಸಂಗ್ರಹಾಲಯವನ್ನು ನಮ್ಮಲ್ಲಿ ಬಹುಮಂದಿ ನೋಡುವ ಕ್ರಮ ದೇವಸ್ಥಾನದ ಪ್ರದಕ್ಷಿಣೆಯನ್ನು ಹೋಲುತ್ತದೆ. ಬಾಗಿಲಲ್ಲಿ ಹೊಕ್ಕು, ಗೋಡೆಯನ್ನು ಹಿಡಿದು ಒಂದು ಸುತ್ತು ಬಂದು, ಯಾವ ವಸ್ತುವನ್ನೂ ಬಿಡಲಿಲ್ಲವೆಂಬ ಸಮಾಧಾನದೊಡನೆ ಹೊರಗೆ ಬರುತ್ತೇವೆ. ಮನೆಗೆ ಬಂದ ಮೇಲೆ ಯಾರಾದರೂ ಏನು ನೋಡಿದಿರಿ ಎಂದು ಕೇಳಿದರೆ, ‘ಬಹಳ ಹಳೆಯ ಕಲ್ಲುಗಳಿದ್ದುವು’ ಎಂಬುದಕ್ಕಿಂತ ಹೆಚ್ಚಾಗಿ ಹೇಳಲು ತೋಚುವುದಿಲ್ಲ. ಕಾಲು ಮಾತ್ರ ನೋಯುತ್ತಿರುತ್ತದೆ. ಪ್ರದಕ್ಷಿಣೆಯ ಫಲ ಸುತ್ತು ಮುಗಿಸುವುದರಲ್ಲಿದೆ. ನೋಟದ ಫಲ ಅಲ್ಲಿಲ್ಲ.

ಈ ದಣಿವನ್ನು ಕುರಿತು ವಿದ್ವಾಂಸರು ನೂರು ವರ್ಷಗಳ ಹಿಂದೆಯೇ ಯೋಚಿಸಿದ್ದಾರೆ. ಅಮೆರಿಕದ ಬಾಸ್ಟನ್ ನಗರದ ಲಲಿತಕಲಾ ಸಂಗ್ರಹಾಲಯದಲ್ಲಿ ಕಾರ್ಯದರ್ಶಿಯಾಗಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ ಎಂಬುವರು 1916ರಲ್ಲಿ ಇದರ ಬಗ್ಗೆಯೇ ಒಂದು ಲೇಖನ ಬರೆದರು. ಅವರು ಮಾಡಿದ ಪ್ರಯೋಗ ಬಹಳ ಸರಳವಾದದ್ದು. ಒಬ್ಬ ಬುದ್ಧಿವಂತನಿಗೆ ಕೆಲವು ಪ್ರಶ್ನೆಗಳನ್ನು ಕೊಟ್ಟು, ಪ್ರದರ್ಶಿತ ವಸ್ತುಗಳನ್ನು ನೋಡಿಯೇ ಉತ್ತರ ಹೇಳಬೇಕೆಂದರು. ಅವನು ಉತ್ತರ ಹುಡುಕುವಾಗ ಹೇಗೆ ಬಗ್ಗಿದ, ಹೇಗೆ ಕುಕ್ಕರಿಸಿದ, ಹೇಗೆ ಕತ್ತು ಚಾಚಿದ ಎಂಬುದನ್ನೆಲ್ಲ ಛಾಯಾಚಿತ್ರ ತೆಗೆಸಿ ಅಚ್ಚು ಮಾಡಿಸಿದರು. ಆ ಚಿತ್ರಗಳಲ್ಲಿ ಅವನು ಕಲಾರಸಿಕನಂತೆ ಕಾಣುವುದಿಲ್ಲ, ಕಳೆದುಹೋದ ಕಾಸನ್ನು ಹುಡುಕುವವನಂತೆ ಕಾಣುತ್ತಾನೆ. ವಸ್ತುಗಳನ್ನು ಇಟ್ಟ ಎತ್ತರ ಮತ್ತು ಚೀಟಿಗಳನ್ನು ಅಂಟಿಸಿದ ಜಾಗವೇ ನೋಡುವವನ ಮೈಯನ್ನು ದಣಿಸುತ್ತವೆಂಬುದು ಗಿಲ್ಮನ್ ಅವರ ವಾದ.

ಹನ್ನೆರಡು ವರ್ಷಗಳ ತರುವಾಯ, 1928ರಲ್ಲಿ, ಎಡ್ವರ್ಡ್ ರಾಬಿನ್ಸನ್ ಎಂಬ ಮನಶ್ಶಾಸ್ತ್ರಜ್ಞರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಕಾಲಿನ ಶ್ರಮವೊಂದೇ ಕಾರಣವಾಗಿದ್ದರೆ ಕುಳಿತು ನೋಡುವವನಿಗೆ ಬೇಸರ ಬರಬಾರದಷ್ಟೆ? ಅವರು ಜನರನ್ನು ಮೇಜಿನ ಮುಂದೆ ಕೂರಿಸಿ ಒಂದಾದ ಮೇಲೊಂದು ಚಿತ್ರಗಳನ್ನು ಕೊಟ್ಟು ನೋಡಿದರು. ಅಲ್ಲಿಯೂ ಆಸಕ್ತಿ ಇಳಿದುಹೋಯಿತು. ಎಂದರೆ ಈ ದಣಿವು ಎರಡು ಬಗೆಯದು: ಒಂದು ಮೈಯದು, ಇನ್ನೊಂದು ಕಣ್ಣಿನ ಹಿಂದಿರುವ ಮನಸ್ಸಿನದು. ಒಂದೇ ಜಾತಿಯ ವಸ್ತುಗಳನ್ನು ಸಾಲಾಗಿ ಕಂಡಾಗ ಮನಸ್ಸು ತುಂಬಿಹೋಗುತ್ತದೆ. ಹಬ್ಬದೂಟದಲ್ಲಿ ನಾಲ್ಕನೆಯ ಹೋಳಿಗೆ ಎಷ್ಟು ಚೆನ್ನಾಗಿದ್ದರೂ ರುಚಿಸದಂತೆ. ಮೈದಣಿವಿಗೆ ಕುರ್ಚಿ ಸಾಕು. ಮನದಣಿವಿಗೆ ಕುರ್ಚಿ ಸಾಲದು, ಬೇರೆ ಜಾತಿಯ ವಸ್ತು ಬೇಕು. 1985ರಲ್ಲಿ ಫ್ಲಾರಿಡಾದ ಒಂದು ಸಂಗ್ರಹಾಲಯದಲ್ಲಿ ಸಂದರ್ಶಕರನ್ನು ಹಿಂಬಾಲಿಸಿ ಗಮನಿಸಿದವರು, ಮೊದಲ ಅರ್ಧ ಗಂಟೆಯ ಹೊತ್ತು ಜನ ಮನವಿಟ್ಟು ನೋಡುತ್ತಾರೆ, ಆಮೇಲೆ ತೇಲಿಕೊಂಡು ಹೋಗುತ್ತಾರೆ ಎಂದು ಕಂಡುಕೊಂಡರು.

ಇಷ್ಟನ್ನು ತಿಳಿದ ಮೇಲೆ, ಮಳೆಗಾಲದಲ್ಲಿ ಎರಡು ದಿನಗಳ ವಿರಾಮ ಸಿಕ್ಕ ಒಂದು ಸಂಸಾರ ಶಿವಮೊಗ್ಗಕ್ಕೆ ಬಂದರೆ ಆ ಎರಡು ದಿನಗಳನ್ನು ಹೇಗೆ ಕಟ್ಟಬಹುದು ಎಂಬುದನ್ನು ಹೇಳುವುದು ಈ ಭಾಷಣದ ಉದ್ದೇಶ. ಕಳೆದ ಪುಷ್ಯ ಮಳೆಯಲ್ಲಿ ನನ್ನ ತಂಗಿಯ ಸಂಸಾರ ನಮ್ಮಲ್ಲಿಗೆ ಬಂದಿತ್ತು. ತಂಗಿ, ಭಾವ, ಹತ್ತು ವರ್ಷದ ಮಗ, ಎಪ್ಪತ್ತು ದಾಟಿದ ಅವಳ ಅತ್ತೆ, ಹೀಗೆ ನಾಲ್ಕು ಮಂದಿ. ನಾಲ್ವರ ಕಾಲುಗಳೂ ಬೇರೆ, ಕುತೂಹಲಗಳೂ ಬೇರೆ. ಅವರಿಗಾಗಿ ನಾನು ಹಾಕಿದ ಲೆಕ್ಕವನ್ನೇ ಇಲ್ಲಿ ಮುಂದಿಡುತ್ತೇನೆ.

ಮೊದಲು ಮಳೆಯ ಸ್ವಭಾವವನ್ನು ತಿಳಿಯಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಬೀಳುವುದುಂಟು. ಅಲ್ಲಿ ಮಳೆ ಹಿಡಿದರೆ ದಿನವಿಡೀ ಬಿಡುವುದಿಲ್ಲ. ಶಿವಮೊಗ್ಗ ನಗರ ಮಲೆನಾಡಿನ ಹೊಸ್ತಿಲಲ್ಲಿದೆ. ಇಲ್ಲಿ ಬೀಳುವ ಮಳೆ ಅದರ ಒಂದು ಸಣ್ಣ ಪಾಲು ಮಾತ್ರ. ಪುನರ್ವಸು, ಪುಷ್ಯ ನಕ್ಷತ್ರಗಳಲ್ಲಿ ಕೂಡ ಸಾಮಾನ್ಯವಾಗಿ ಒಂದು ಜೋರು, ಒಂದು ಹೊಳವು, ಮತ್ತೆ ಒಂದು ಜೋರು, ಹೀಗೆ ಬಿಟ್ಟುಬಿಟ್ಟು ಸುರಿಯುತ್ತದೆ. ಆದುದರಿಂದ ಇಲ್ಲಿನ ಮಳೆಯ ದಿನಕ್ಕೆ ಇಡೀ ದಿನ ಸೂರಿನಡಿಯಲ್ಲಿ ಕಳೆಯುವ ಯೋಜನೆ ಬೇಕಾಗಿಲ್ಲ. ಸೂರಿನಡಿಯೂ ಬಯಲೂ ಹತ್ತು ಹೆಜ್ಜೆಗಳ ಅಂತರದಲ್ಲಿರುವ ಜಾಗ ಬೇಕು. ಮಳೆ ಬಂದರೆ ಒಳಗೆ, ಹೊಳವಾದರೆ ಹೊರಗೆ. ಒಳಗೂ ಹೊರಗೂ ಇರುವ ವಸ್ತುಗಳು ಬೇರೆ ಬೇರೆ ಜಾತಿಯವಾಗಿದ್ದರೆ, ಮನಸ್ಸು ತುಂಬಿಹೋಗುವ ಮೊದಲೇ ಮಳೆಯೇ ನಮ್ಮನ್ನು ಎಬ್ಬಿಸಿ ಆಚೆಗೆ ಕಳುಹಿಸುತ್ತದೆ.

ಅಂಥ ಜಾಗ ಕೋಟೆಯ ಭಾಗದಲ್ಲಿ, ತುಂಗೆಯ ದಡದಲ್ಲಿದೆ. ಅದೇ ಶಿವಪ್ಪನಾಯಕನ ಅರಮನೆಯೆಂದು ಹೆಸರಾದ ಕಟ್ಟಡ, ಈಗಿನ ಸರ್ಕಾರಿ ವಸ್ತುಸಂಗ್ರಹಾಲಯ. ಕಟ್ಟಡದೊಳಗೆ ದೊಡ್ಡ ಮರದ ಕಂಬಗಳ ದರ್ಬಾರು ಹಜಾರ. ಹೊರಗೆ ಅಂಗಳದ ಸುತ್ತ ಜಿಲ್ಲೆಯ ನಾನಾ ಊರುಗಳಿಂದ ತಂದಿರಿಸಿದ ವಿಗ್ರಹಗಳು, ವೀರಗಲ್ಲುಗಳು, ಶಾಸನಗಳು. ಸರ್ಕಾರಿ ಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆಯಿರುವುದರಿಂದ ಆ ದಿನವನ್ನು ಬಿಟ್ಟು, ಹೊರಡುವ ಹಿಂದಿನ ದಿನ ವಿಚಾರಿಸಿಕೊಂಡು ಬರುವುದು ಕ್ಷೇಮ.

ಮೊದಲ ದಿನದ ಲೆಕ್ಕ ಹೀಗೆ. ಬೆಳಿಗ್ಗೆ ನಲವತ್ತು ನಿಮಿಷ, ಮಧ್ಯಾಹ್ನ ಊಟವಾದ ಮೇಲೆ ಮತ್ತೆ ನಲವತ್ತು ನಿಮಿಷ. ಎರಡರ ನಡುವೆ ಎರಡು ಗಂಟೆಗೆ ಕಡಿಮೆಯಿಲ್ಲದ ಬಿಡುವು. ಒಂದು ಸಲಕ್ಕೆ ಒಂದೇ ಜಾತಿಯ ವಸ್ತು. ಅದರಲ್ಲಿಯೂ ಮೂರೋ ನಾಲ್ಕೋ ಮಾತ್ರ. ಇದನ್ನು ಕೇಳಿದ ಭಾವನವರು, “ಇಷ್ಟು ದೂರ ಬಂದು ನಾಲ್ಕು ಕಲ್ಲು ನೋಡಿ ಹೋಗುವುದೆ?” ಎಂದು ನಕ್ಕರು. “ನಾಲ್ಕನ್ನು ನೋಡೋಣ, ಉಳಿದವಕ್ಕೆ ನಮಸ್ಕಾರ ಮಾಡೋಣ” ಎಂದೆ.

ಬೆಳಿಗ್ಗೆ ನಾವು ಹೋದಾಗ ಹೊಳವಾಗಿತ್ತು. ಆದ್ದರಿಂದ ಅಂಗಳದ ವೀರಗಲ್ಲುಗಳನ್ನು ಮೊದಲು ಹಿಡಿದೆವು. ವೀರಗಲ್ಲನ್ನು ಓದುವ ಕ್ರಮವನ್ನು ಒಮ್ಮೆ ಹೇಳಿಕೊಟ್ಟರೆ ಹತ್ತು ವರ್ಷದ ಹುಡುಗನೂ ಓದುತ್ತಾನೆ. ಅದನ್ನು ಪುಸ್ತಕದಂತೆ ಮೇಲಿನಿಂದ ಕೆಳಕ್ಕೆ ಓದಬಾರದು, ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ಅಲ್ಲಿ ಹಸುಗಳಿದ್ದರೆ ಅದು ಊರ ದನಗಳನ್ನು ಹೊಡೆದುಕೊಂಡು ಹೋದವರೊಡನೆ ನಡೆದ ತುರುಗಾಳಗ. ನಡುವಿನ ಪಟ್ಟಿಕೆಯಲ್ಲಿ ಸತ್ತ ವೀರನನ್ನು ಅಪ್ಸರೆಯರು ಎರಡು ಕಡೆಯಿಂದ ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನ ಪಟ್ಟಿಕೆಯಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅವರಿರುವವರೆಗೆ ಇವನ ಹೆಸರಿರಲಿ ಎಂದರ್ಥ. ಮೂರು ಪಟ್ಟಿಕೆಗಳಲ್ಲಿ ಒಬ್ಬನೇ ಮನುಷ್ಯ ಮೂರು ಸಲ ಬರುತ್ತಾನೆಂಬುದು ತಿಳಿದ ಕೂಡಲೇ ಹುಡುಗನಿಗೆ ಕಲ್ಲು ಕತೆಯಾಯಿತು.

ಎರಡನೆಯ ಕಲ್ಲಿನ ಮುಂದೆ ಅವನನ್ನು ನಿಲ್ಲಿಸಿ ನಾನು ಸುಮ್ಮನಾದೆ. ಅವನೇ ಕೆಳಗಿನಿಂದ ಓದುತ್ತ ಹೋದ. ಮೂರನೆಯದರ ಮುಂದೆ, “ಮಾವ, ಈ ಕಲ್ಲಿನ ಕೆಳಗೆ ಹಸುಗಳೇ ಇಲ್ಲ. ಹಾಗಾದರೆ ಇವನು ಯಾತಕ್ಕೆ ಸತ್ತ?” ಎಂದು ಕೇಳಿದ. ಅದೇ ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಚಿತ್ರದಲ್ಲಿಲ್ಲ. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಕೊರೆದ ಬರಹವಿದ್ದರೆ ಅದರಲ್ಲಿರುತ್ತದೆ.

ಇಲ್ಲಿ ಮಳೆಗಾಲದ ಒಂದು ತೊಡಕನ್ನು ಹೇಳಬೇಕು. ಮೋಡ ಮುಚ್ಚಿದ ದಿನ ಬೆಳಕು ಎಲ್ಲ ಕಡೆಯಿಂದಲೂ ಸಮನಾಗಿ ಬರುತ್ತದೆ, ನೆರಳು ಬೀಳುವುದಿಲ್ಲ. ಸವೆದ ಅಕ್ಷರ ಕಾಣುವುದು ತನ್ನ ನೆರಳಿನಿಂದಲೇ ಹೊರತು ತನ್ನಿಂದಲ್ಲ. ಆದುದರಿಂದ ಬಿಸಿಲಿನಲ್ಲಿ ಓದಬಹುದಾದ ಶಾಸನ ಮೋಡದಲ್ಲಿ ಬೋಳುಕಲ್ಲಿನಂತೆ ತೋರುತ್ತದೆ. ಇದಕ್ಕೆ ಉಪಾಯವೆಂದರೆ ಒಂದು ಸಣ್ಣ ಟಾರ್ಚು. ಅದನ್ನು ಎದುರಿಗೆ ಹಿಡಿದರೆ ಪ್ರಯೋಜನವಿಲ್ಲ. ಕಲ್ಲಿನ ಪಕ್ಕಕ್ಕೆ ನಿಂತು, ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಹೋಗುವಂತೆ ಓರೆಯಾಗಿ ಹಿಡಿಯಬೇಕು. ಆಗ ಅಕ್ಷರದ ಒಂದು ಅಂಚು ಬೆಳಗಿ ಇನ್ನೊಂದು ಕಪ್ಪಾಗುತ್ತದೆ. ಇದನ್ನು ಅಲ್ಲಿನ ಸಿಬ್ಬಂದಿಗೆ ಹೇಳಿ, ಅವರ ಅನುಮತಿ ಪಡೆದು ಮಾಡುವುದು ಮರ್ಯಾದೆ. ಅಕ್ಷರ ಕಾಣಲೆಂದು ಕಲ್ಲಿಗೆ ಸುಣ್ಣವನ್ನೋ ಸೀಮೆಸುಣ್ಣವನ್ನೋ ಬಳಿಯುವುದು ಮಾತ್ರ ಸರ್ವಥಾ ಕೂಡದು. ಅದು ಕಲ್ಲಿನ ರಂಧ್ರಗಳಲ್ಲಿ ಕುಳಿತುಬಿಡುತ್ತದೆ. ಶಾಸನದ ಪಾಠವನ್ನು ಪೂರ್ತಿ ಓದಬೇಕೆಂಬವರಿಗೆ ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳು ಮತ್ತು ಎಂಟನೆಯ ಸಂಪುಟಗಳಿವೆ. 1902 ಮತ್ತು 1904ರಲ್ಲಿ ಹೊರಬಂದ ಇವೆರಡೂ ಶಿವಮೊಗ್ಗ ಜಿಲ್ಲೆಯವೇ.

ತಂಗಿಯ ಅತ್ತೆಯವರು ನಮ್ಮೊಡನೆ ಕಲ್ಲಿನಿಂದ ಕಲ್ಲಿಗೆ ಬರಲಿಲ್ಲ. ಅವರನ್ನು ಒಂದು ಮಾಸ್ತಿಕಲ್ಲಿನ ಎದುರಿಗೆ ಕೂರಿಸಿದ್ದೆ. ಕಂಬದಿಂದ ಹೊರಚಾಚಿ ಮೊಣಕೈಯಲ್ಲಿ ಮೇಲಕ್ಕೆ ಮಡಿದ ಒಂದು ಹೆಣ್ಣಿನ ತೋಳು, ಬಿಡಿಸಿದ ಅಂಗೈ, ಮುಂಗೈ ತುಂಬ ಬಳೆ. ಗಂಡನೊಡನೆ ಬೆಂಕಿಗೆ ಬಿದ್ದವಳ ಬಳೆ ಒಡೆಯಲಿಲ್ಲ, ಅವಳು ಮುತ್ತೈದೆಯಾಗಿಯೇ ಹೋದಳು ಎಂಬುದನ್ನು ಆ ಬಳೆಗಳು ಹೇಳುತ್ತವೆ. ನಾವು ಮರಳಿ ಬಂದಾಗ ಆಕೆ, “ಅವಳ ಹೆಸರು ಬರೆದಿದ್ದಾರೇನಪ್ಪ?” ಎಂದು ಕೇಳಿದರು. ಆ ಕಲ್ಲಿನಲ್ಲಿ ಹೆಸರು ಕಾಣಲಿಲ್ಲ. “ಬಳೆ ಮಾತ್ರ ಎಣಿಸಿ ಕೆತ್ತಿದ್ದಾರೆ” ಎಂದು ಅವರು ಮೆಲ್ಲನೆ ಹೇಳಿ ಎದ್ದರು. ಆಕೆ ಆ ಬೆಳಿಗ್ಗೆ ನೋಡಿದ್ದು ಒಂದೇ ಕಲ್ಲು. ನಮ್ಮೆಲ್ಲರಿಗಿಂತ ಹೆಚ್ಚು ನೋಡಿದವರೂ ಅವರೇ ಎಂದು ನನಗೆ ಅನ್ನಿಸಿತು. ವೃದ್ಧರನ್ನು ಸಂಗ್ರಹಾಲಯಕ್ಕೆ ಕರೆತರುವವರು ಅವರನ್ನು ಸುತ್ತಿಸುವುದಕ್ಕೆ ಬದಲಾಗಿ, ಒಂದು ಒಳ್ಳೆಯ ವಸ್ತುವಿನ ಮುಂದೆ ಕೂರಿಸಿ ಬಿಡುವುದು ಮೇಲು.

ದಣಿವು ಬಂತೆಂದು ತಿಳಿಯುವುದು ಹೇಗೆ? ಕಾಲು ಹೇಳುವ ಮೊದಲೇ ಕಣ್ಣು ಹೇಳುತ್ತದೆ. ಚೀಟಿಯನ್ನು ಓದಿ ವಸ್ತುವನ್ನು ನೋಡದೆಯೇ ಮುಂದಕ್ಕೆ ಹೆಜ್ಜೆ ಹಾಕತೊಡಗಿದರೆ ಅದು ಮೊದಲ ಲಕ್ಷಣ. ‘ಇದೂ ಅದರಂತೆಯೇ’ ಎಂಬ ಮಾತು ಬಾಯಿಗೆ ಬಂದರೆ ಎರಡನೆಯದು. ಸಂಶಯವಿದ್ದರೆ ಒಂದು ಪರೀಕ್ಷೆ ಮಾಡಬಹುದು: ಈಗ ತಾನೇ ನೋಡಿದ ವಿಗ್ರಹಕ್ಕೆ ಬೆನ್ನು ಹಾಕಿ ನಿಂತು, ಅದರ ಬಲಗೈಯಲ್ಲಿ ಏನಿತ್ತು ಎಂದು ಕೇಳಿಕೊಳ್ಳಬೇಕು. ಉತ್ತರ ಬಾರದಿದ್ದರೆ ಆ ಹೊತ್ತಿಗೆ ನೋಟ ಮುಗಿಯಿತು. ಅಲ್ಲಿಂದ ಮುಂದೆ ನೋಡಿದುದೆಲ್ಲ ನಡಿಗೆಯ ಲೆಕ್ಕಕ್ಕೆ ಸೇರುತ್ತದೆ. ನಮ್ಮ ಭಾವನವರು ಮೂವತ್ತೈದನೆಯ ನಿಮಿಷಕ್ಕೆ ಈ ಪರೀಕ್ಷೆಯಲ್ಲಿ ಸೋತರು. ಮಳೆಯೂ ಹನಿಯತೊಡಗಿತು. ಎದ್ದೆವು.

ನಡುವಿನ ಬಿಡುವನ್ನು ಹೇಗೆ ಕಳೆಯಬೇಕೆಂಬುದೂ ಯೋಜನೆಯ ಭಾಗವೇ. ಬಿಡುವಿನಲ್ಲಿ ಮತ್ತೇನನ್ನಾದರೂ ‘ನೋಡಿಸಲು’ ಹೋದರೆ ಬಿಡುವು ಕೆಟ್ಟುಹೋಗುತ್ತದೆ. ನಾವು ಗಾಂಧಿ ಬಜಾರಿನ ಕಡೆಗೆ ಹೋಗಿ, ಅಂಗಡಿಗಳ ಸೂರಿನಡಿಯಲ್ಲಿಯೇ ನಡೆದು, ಕೊಂಚ ಸಾಮಾನು ಕೊಂಡು, ಬಿಸಿಬಿಸಿ ಊಟ ಮಾಡಿ ಕುಳಿತೆವು. ವ್ಯಾಪಾರದ ಗದ್ದಲಕ್ಕೂ ಮ್ಯೂಸಿಯಮ್ಮಿನ ಮೌನಕ್ಕೂ ಇರುವ ಅಂತರವೇ ಅರ್ಧ ವಿಶ್ರಾಂತಿ.

ಮಧ್ಯಾಹ್ನ ಮಳೆ ಜೋರಾಗಿಯೇ ಇತ್ತು. ಈ ಸಲ ಅರಮನೆಯ ಒಳಗನ್ನೇ ವಸ್ತುವೆಂದು ಭಾವಿಸಿ ನೋಡಿದೆವು. ಕೊಡೆಗಳನ್ನು ಬಾಗಿಲಲ್ಲಿಯೇ ಬಿಟ್ಟೆವು. ಮಡಿಸಿದ ಕೊಡೆಯ ತುದಿಯಿಂದ ಸೋರುವ ನೀರು ಮರದ ಕಟ್ಟಡಕ್ಕೂ ಹಳೆಯ ವಸ್ತುಗಳಿಗೂ ಹಿತವಲ್ಲ. ಆ ಹೊತ್ತಿಗೆ ನಾನು ಇಟ್ಟುಕೊಂಡಿದ್ದ ಪ್ರಶ್ನೆ ಒಂದೇ: ಈ ಮನೆ ಯಾರದು? ಶಿವಪ್ಪನಾಯಕನು ಕೆಳದಿಯ ಅರಸರಲ್ಲಿ ಬಹು ಪ್ರಸಿದ್ಧ. 1645ರಿಂದ 1660ರವರೆಗೆ ಆಳಿದವನು. ಅವನು ಗೊತ್ತುಮಾಡಿದ ಕಂದಾಯದ ಕ್ರಮಕ್ಕೆ ‘ಶಿಸ್ತು’ ಎಂದು ಹೆಸರಾಯಿತು. ಆದರೆ ಅವನ ರಾಜಧಾನಿ ಶಿವಮೊಗ್ಗವಲ್ಲ, ಬಿದನೂರು. ನಾವು ಇಂದು ಕಾಣುವ ಕಟ್ಟಡವಾದರೋ ಹದಿನೆಂಟನೆಯ ಶತಮಾನದ್ದು, ಹೈದರಾಲಿಯ ಕಾಲದ್ದೆಂದು ಬಲ್ಲವರ ಅಭಿಪ್ರಾಯ. ಹೆಸರು ಒಬ್ಬನದು, ಗೋಡೆ ಇನ್ನೊಬ್ಬನ ಕಾಲದ್ದು. ಇದನ್ನು ತಿಳಿದು ಕಂಬಗಳನ್ನೂ ಅವುಗಳ ನಡುವೆ ಬಳ್ಳಿಯಂತೆ ಬಾಗಿ ಬಂದ ಕಮಾನುಗಳನ್ನೂ ನೋಡಿದಾಗ ಕಣ್ಣು ತಾನಾಗಿಯೇ ಹುಡುಕತೊಡಗುತ್ತದೆ. ಇಲ್ಲಿ ಮಲೆನಾಡಿನ ಬಡಗಿಯ ಕೈ ಎಷ್ಟು, ಮುಸಲ್ಮಾನೀ ದರ್ಬಾರಿನ ಮಾದರಿ ಎಷ್ಟು? ಬೆಳಿಗ್ಗೆ ಕಲ್ಲಿನಲ್ಲಿ ತುಂಬಿಹೋಗಿದ್ದ ಕಣ್ಣಿಗೆ ಮಧ್ಯಾಹ್ನ ಮರ ಹೊಸದಾಗಿ ಕಂಡಿತು. ಗಾಳಿಮಳೆಗೆ ವಿದ್ಯುತ್ತು ಹೋಗುವುದು ನಮ್ಮಲ್ಲಿ ಹೊಸದಲ್ಲವಾದ್ದರಿಂದ, ಬೆಳಗಿನ ಟಾರ್ಚು ಇಲ್ಲಿಯೂ ಕೆಲಸಕ್ಕೆ ಬಂತು.

ಸಂಜೆ ಹೊಳವಾದಾಗ ಕೋರ್ಪಲಯ್ಯನ ಛತ್ರದ ಬಳಿಗೆ ಹೋದೆವು. ಅಲ್ಲಿ ತುಂಗೆಯ ನೀರಿನೊಳಗೆ ಒಂದು ಕಲ್ಲು ಮಂಟಪವಿದೆ. ಮಳೆಗಾಲದಲ್ಲಿ ಹೊಳೆ ಏರಿ ಆ ಮಂಟಪ ಮುಳುಗಿದರೆ, ಹೊಳೆ ತುಂಬಿತು ಎಂದು ಊರಿನವರು ತೀರ್ಮಾನಿಸುತ್ತಾರೆ. ನೋಡಲು ಜನ ಸೇರುತ್ತಾರೆ. ಅದನ್ನು ಮೇಲಿನಿಂದಲೇ ನೋಡಬೇಕು. ಪಾಚಿ ಹಿಡಿದ ಮೆಟ್ಟಿಲಿಗೆ ಇಳಿಯುವುದು ಪ್ರಾಣಕ್ಕೆ ಸಂಚಕಾರ.

ಎರಡನೆಯ ದಿನ ಭದ್ರಾವತಿ. ಇಪ್ಪತ್ತು ಕಿಲೋಮೀಟರಿನೊಳಗಿನ ದಾರಿ, ಬಸ್ಸುಗಳು ಮೇಲಿಂದ ಮೇಲೆ ಇವೆ. ಅಲ್ಲಿ ಸಂಗ್ರಹಾಲಯವೆಂದು ಫಲಕ ಹಾಕಿದ ಕಟ್ಟಡಕ್ಕಾಗಿ ನಾನು ಹೋಗಲಿಲ್ಲ. ಮೊದಲ ದಿನ ಅಂಗಳದಲ್ಲಿ ನೋಡಿದ ಶಿಲ್ಪಗಳು ತಮ್ಮ ಗುಡಿಯಿಂದ ಬೇರ್ಪಟ್ಟವು. ಶಿಲ್ಪವೊಂದು ತಾನು ಹುಟ್ಟಿದ ಗೋಡೆಯಲ್ಲಿಯೇ ಇದ್ದರೆ ಹೇಗಿರುತ್ತದೆಂಬುದನ್ನು ಮರುದಿನ ನೋಡಿದರೆ, ಹಿಂದಿನ ದಿನದ ನೋಟಕ್ಕೆ ಅರ್ಥ ಬರುತ್ತದೆ. ಹಳೆಯ ಊರಿನಲ್ಲಿರುವ ಲಕ್ಷ್ಮೀನರಸಿಂಹ ದೇವಾಲಯ ಹದಿಮೂರನೆಯ ಶತಮಾನದ ಹೊಯ್ಸಳರ ಕೆಲಸ. ಪೂರ್ವಕ್ಕೆ ಬಾಗಿಲು, ಒಳಗೆ ಮೂರು ಗರ್ಭಗುಡಿಗಳು: ಲಕ್ಷ್ಮೀನರಸಿಂಹ, ವೇಣುಗೋಪಾಲ, ಪುರುಷೋತ್ತಮ. ಗುಡಿ ವೈಷ್ಣವರದಾದರೂ ಹೊರಗೋಡೆಯ ಮೇಲೆ ಗಣಪತಿ, ದಕ್ಷಿಣಾಮೂರ್ತಿ, ಭೈರವ, ಹರಿಹರ ಮೊದಲಾದವರೂ ಇದ್ದಾರೆ. ಹುಡುಗನಿಗೆ ಒಂದೇ ಕೆಲಸ ಕೊಟ್ಟೆ: ಅರ್ಧ ಶಿವ ಅರ್ಧ ವಿಷ್ಣುವಾದ ಹರಿಹರನನ್ನು ಹುಡುಕು ಎಂದು. ಒಂದು ಮೂರ್ತಿಯನ್ನು ಹುಡುಕುವ ಕಣ್ಣು ಉಳಿದವನ್ನೂ ದಣಿಯದೆ ಪರೀಕ್ಷಿಸುತ್ತದೆ.

ಇಲ್ಲಿಯೂ ಅದೇ ನಿಯಮ. ಹೊಳವಿದ್ದಾಗ ಹೊರಗೋಡೆ, ಹನಿ ಬಿದ್ದಾಗ ಒಳಗಿನ ನವರಂಗ. ಗೋಡೆ ತೊಯ್ದಿರುವಾಗ ಬಳಪದ ಕಲ್ಲು ಕಪ್ಪಾಗಿ ಮಿನುಗುತ್ತದೆ. ಆ ಮಿನುಗಿನಲ್ಲಿ ಸಣ್ಣ ಕೆತ್ತನೆ ಕಣ್ಣಿಗೆ ಜಾರಿಹೋಗುತ್ತದೆ. ಹತ್ತು ನಿಮಿಷ ಆರಲು ಬಿಟ್ಟರೆ ಮತ್ತೆ ಕಾಣುತ್ತದೆ. ಬರಿಗಾಲಿನಲ್ಲಿ ಒದ್ದೆ ಕಲ್ಲಿನ ಮೇಲೆ ನಿಲ್ಲಬೇಕಾಗುವುದರಿಂದ, ಹಿರಿಯರಿಗಾಗಿ ಒಂದು ಒಣಟವಲ್ಲನ್ನು ಜೊತೆಗೆ ಒಯ್ಯಬೇಕು. ಕಾಲು ತಣ್ಣಗಾದ ಮೇಲೆ ಯಾವ ಶಿಲ್ಪವೂ ಚೆಂದ ಕಾಣುವುದಿಲ್ಲ. ನಡುಹಗಲಿನಲ್ಲಿ ಗುಡಿಯ ಬಾಗಿಲು ಹಾಕುವ ವಾಡಿಕೆಯಿರುವುದರಿಂದ ಬೆಳಗಿನ ಹೊತ್ತೇ ಸರಿ.

ಮಧ್ಯಾಹ್ನದ ವಸ್ತು ಕಲ್ಲೂ ಅಲ್ಲ, ಮರವೂ ಅಲ್ಲ, ಕಬ್ಬಿಣ. ಬೆಂಕಿಪುರವೆಂದು ಹಿಂದೆ ಕರೆಯುತ್ತಿದ್ದ ಈ ಊರಿನಲ್ಲಿ ಮೈಸೂರು ಸಂಸ್ಥಾನ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆ ಕೈ ಹಾಕಿತು. ಅದರ ಮೊದಲ ಹೆಸರಿನಲ್ಲಿ ಕಬ್ಬಿಣಕ್ಕಿಂತ ಮುಂಚೆ ಮರದ ಭಟ್ಟಿಯ ಪ್ರಸ್ತಾಪವಿತ್ತು. ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ, ಕಾಡು ಇತ್ತು. ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಬೇಯಿಸಿ ಇದ್ದಿಲು ಮಾಡುವುದು, ಹೊರಬಂದ ಹಬೆಯನ್ನು ತಂಪುಗೊಳಿಸಿ ಮದ್ಯಸಾರ ಮೊದಲಾದ ರಾಸಾಯನಿಕಗಳನ್ನು ಪಡೆಯುವುದು, ಆ ಇದ್ದಿಲಿನಿಂದ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸುವುದು. ಇದು ಕ್ರಮ. 1923ರಲ್ಲಿ ಕಬ್ಬಿಣ ಹರಿಯಿತು. ವಿಶ್ವೇಶ್ವರಯ್ಯನವರು ಅದರ ಆಡಳಿತವನ್ನು ವಹಿಸಿಕೊಂಡು ನಷ್ಟದಿಂದ ಮೇಲೆತ್ತಿದರು. 1976ರಲ್ಲಿ ಕಾರ್ಖಾನೆಗೆ ಅವರ ಹೆಸರು ಬಂತು. 2023ರ ಆರಂಭದಲ್ಲಿ ಇದನ್ನು ಮುಚ್ಚುವ ತೀರ್ಮಾನವಾಗಿ, ಕಾರ್ಮಿಕರ ಹೋರಾಟವಾಗಿ, ಅದೇ ವರ್ಷ ಕೆಲಸ ಒಂದಿಷ್ಟು ಮತ್ತೆ ಆರಂಭವಾಯಿತು.

ಕಾರ್ಖಾನೆಯೊಳಕ್ಕೆ ಅನುಮತಿಯಿಲ್ಲದೆ ಪ್ರವೇಶವಿಲ್ಲ. ಪ್ರವಾಸಿಗರು ಅದನ್ನು ನಂಬಿ ಬರಕೂಡದು. ಆದರೆ ಮಳೆಯ ದಿನ ಆ ಬಡಾವಣೆಯ ಒಂದು ಚಹಾದಂಗಡಿಯಲ್ಲಿ ಕುಳಿತರೆ ಕಾರ್ಖಾನೆ ತಾನಾಗಿಯೇ ಎದುರಿಗೆ ಬಂದು ಕೂರುತ್ತದೆ. ನಮ್ಮ ಪಕ್ಕದ ಬೆಂಚಿನಲ್ಲಿದ್ದ ಹಿರಿಯರೊಬ್ಬರು ಊದುಕುಲುಮೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹುಡುಗ ಅವರನ್ನು, “ತಾತ, ಕಬ್ಬಿಣ ಕರಗಿತೂಂತ ಹೇಗೆ ಗೊತ್ತಾಗತ್ತೆ? ಒಳಗೆ ಇಣುಕಿ ನೋಡ್ತೀರಾ?” ಎಂದು ಕೇಳಿದ.

“ಇಣುಕಿದರೆ ಮುಖ ಉಳಿಯೋದಿಲ್ಲ ಮಗು” ಎಂದು ಅವರು ನಕ್ಕರು. “ಕಿಟ್ಟ ನೋಡ್ತಿದ್ದೆವು. ಕಬ್ಬಿಣ ಭಾರ, ಅಡಿಗೆ ಕೂರತ್ತೆ. ಕಿಟ್ಟ ಹಗುರ, ಮೇಲೆ ತೇಲತ್ತೆ. ಅದನ್ನ ಮೇಲಿನ ಬಾಯಿಂದ ಬಿಡೋದು. ಅದು ಕಪ್ಪಗೆ ಬಂತು ಅಂದರೆ ಕುಲುಮೆ ತಣ್ಣಗಾಗಿದೆ, ಕಬ್ಬಿಣ ಕಿಟ್ಟದ ಜೊತೆ ಹೋಗ್ತಾ ಇದೆ ಅಂತ ಅರ್ಥ. ಬೆಳ್ಳಗೆ ಬಂತೋ, ಸರಿ. ಆಮೇಲೆ ಕೆಳಗಿನ ಬಾಯಿಗೆ ಮೆತ್ತಿದ ಮಣ್ಣನ್ನ ಹಾರೆ ಹಾಕಿ ಒಡೆಯೋದು. ಮರಳಲ್ಲಿ ತೋಡಿದ ಕಾಲುವೇಲಿ ಕಬ್ಬಿಣ ಹರಕೊಂಡು ಹೋಗೋದನ್ನ ನೋಡಬೇಕಿತ್ತು ನೀನು.”

ಅವರು ಬೆಂಚಿನ ಮೇಲೆ ಚೆಲ್ಲಿದ್ದ ನೀರಿನಲ್ಲಿ ಬೆರಳಿಂದ ಆ ಕಾಲುವೆಗಳನ್ನು ಬರೆದು ತೋರಿಸಿದರು. ಈ ವಿದ್ಯೆಗೆ ಚೀಟಿಯಿಲ್ಲ, ಗಾಜಿನ ಪೆಟ್ಟಿಗೆಯಿಲ್ಲ. ಅದು ಇಂಥ ಕೆಲವರ ಬೆರಳುಗಳಲ್ಲಿದೆ, ಅವರಿಗೆ ವಯಸ್ಸಾಗುತ್ತಿದೆ. ವೀರಗಲ್ಲಿನ ಮನುಷ್ಯ ಯಾತಕ್ಕೆ ಸತ್ತನೆಂದು ತಿಳಿಯಲು ನಮಗೆ ಅಂಚಿನ ಬರಹವಾದರೂ ಉಂಟು. ಎರಡನೆಯ ದಿನದ ಮಧ್ಯಾಹ್ನವನ್ನು ನಾನು ಕಟ್ಟಡಕ್ಕೆ ಕೊಡದೆ ಮಾತಿಗೆ ಕೊಟ್ಟದ್ದು ಇದಕ್ಕಾಗಿಯೇ. ಮೂರು ನೋಟಗಳ ಬಳಿಕ ಕಣ್ಣಿಗೆ ಬಿಡುವು ಕೊಟ್ಟು ಕಿವಿಗೆ ಕೆಲಸ ಕೊಡುವುದು ದಣಿವಿಗೂ ಮದ್ದು.

ಈ ಯೋಜನೆ ಕೆಡುವುದು ಎರಡು ಕಡೆ. ಮೊದಲನೆಯದು ದುರಾಸೆ. ಇಷ್ಟು ದೂರ ಬಂದೆವಲ್ಲ, ಕೆಳದಿಯ ಸಂಗ್ರಹಾಲಯವನ್ನೂ ಸೇರಿಸೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಕೆಳದಿ ಸಾಗರವನ್ನು ದಾಟಿ ಸುಮಾರು ಎಂಬತ್ತು ಕಿಲೋಮೀಟರು. ಮಳೆಯಲ್ಲಿ ಹೋಗಿಬರುವುದಕ್ಕೇ ಹಗಲು ಮುಗಿಯುತ್ತದೆ. ಅಲ್ಲಿನ ಹಸ್ತಪ್ರತಿಗಳಿಗೂ ಗುಡಿಗೂ ಬೇರೆಯೇ ಒಂದು ದಿನ ಸಲ್ಲಬೇಕು. ಎರಡನೆಯದು ಹೊಳೆ. ಭದ್ರಾ ಅಣೆಕಟ್ಟು ತುಂಬಿ ನೀರು ಬಿಟ್ಟಾಗ ಭದ್ರಾವತಿ ಊರೊಳಗಿನ ತಗ್ಗಿನ ಸೇತುವೆಯ ಮೇಲೆ ನೀರು ಹರಿಯುವುದುಂಟು. ಬೆಳಿಗ್ಗೆ ಪತ್ರಿಕೆಯಲ್ಲಿಯೋ ಬಾನುಲಿಯಲ್ಲಿಯೋ ಅಣೆಕಟ್ಟಿನ ಸುದ್ದಿ ತಿಳಿದು ಹೊರಡಬೇಕು. ಅಂಥ ದಿನ ಭದ್ರಾವತಿಯನ್ನು ಬಿಟ್ಟು, ಶಿವಮೊಗ್ಗಕ್ಕೆ ಹತ್ತಿರದ ಲಕ್ಕಿನಕೊಪ್ಪದಲ್ಲಿರುವ ‘ಅಮೂಲ್ಯ ಶೋಧ’ವೆಂಬ ಖಾಸಗಿ ಸಂಗ್ರಹಕ್ಕೆ, ಮೊದಲೇ ವಿಚಾರಿಸಿ, ಹೋಗಬಹುದು. ಅಲ್ಲಿಯ ಹಳೆಯ ನಾಣ್ಯಗಳು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣವು. ಆಳೆತ್ತರದ ಕಲ್ಲುಗಳನ್ನು ನೋಡಿದ ಮರುದಿನ ಸಣ್ಣದನ್ನು ನೋಡುವುದೂ ಒಂದು ಬದಲಾವಣೆಯೇ.

ಎರಡು ದಿನಗಳಲ್ಲಿ ನಾವು ನೋಡಿದ್ದನ್ನು ಕೂಡಿಸಿದರೆ ನಾಲ್ಕೈದು ಕಲ್ಲು, ಒಂದು ಹಜಾರ, ಒಂದು ಗುಡಿ. ಕೇಳಿದ್ದು ಒಬ್ಬರ ಮಾತು. ಒಟ್ಟು ಮೂರು ಗಂಟೆಗಳ ನೋಟ. ರೈಲು ಹತ್ತುವ ಮೊದಲು ಪ್ರತಿಯೊಬ್ಬರೂ ಒಂದೊಂದು ವಸ್ತುವನ್ನು, ಚೀಟಿ ಚಿತ್ರಗಳ ನೆರವಿಲ್ಲದೆ, ಕಂಡಂತೆ ವರ್ಣಿಸಬೇಕೆಂದು ಗೊತ್ತುಮಾಡಿದ್ದೆವು. ಭಾವನವರು ಕಮಾನನ್ನು ಕೈಯಲ್ಲಿ ಬರೆದು ತೋರಿಸಿದರು. ತಂಗಿ ಹರಿಹರನ ಎರಡು ಕೈಗಳನ್ನು ಹೇಳಿದಳು. ಅತ್ತೆಯವರು ಬಳೆಗಳ ಲೆಕ್ಕವನ್ನು ಹೇಳಿದರು. ಹುಡುಗ ಮಾತ್ರ ಎರಡು ಹೇಳುತ್ತೇನೆಂದು ಹಟ ಮಾಡಿ, ವೀರನ ಕತ್ತಿಯನ್ನೂ ಕುಲುಮೆಯ ಕಿಟ್ಟವನ್ನೂ ಒಟ್ಟಿಗೆ ಹೇಳಿ, ಆ ಕತ್ತಿಯ ಕಬ್ಬಿಣವನ್ನು ಕರಗಿಸಿದವರೂ ಹೀಗೆಯೇ ಕಿಟ್ಟದ ಬಣ್ಣ ನೋಡುತ್ತಿದ್ದರೇ ಎಂದು ಕೇಳಿದ. ಮುಂದಿನ ಮಳೆಗಾಲಕ್ಕೆ ಯಾವ ಊರಿಗೆ ಕರೆದೊಯ್ಯಬೇಕೆಂಬುದು ನನಗೆ ಅಲ್ಲಿಗೆ ಹೊಳೆಯಿತು: ಕೆಳದಿಗೆ, ಒಂದು ಪೂರ್ತಿ ದಿನ, ಆ ಒಂದು ಪ್ರಶ್ನೆಯನ್ನು ಮಾತ್ರ ಇಟ್ಟುಕೊಂಡು.